ಮೂಗಿನ ಕೂದಲು ಕೀಳುವ ಮುನ್ನ ಇದನ್ನು ಓದಿ

ಪರಿಚಯದವರೊಬ್ಬರು ಸೋಮವಾರ ತಂಗಿಯ ಮದುವೆ ಇದೆ ಅಂತ ಶನಿವಾರ ರಾತ್ರಿ ಕನ್ನಡಿ ಮುಂದೆ ನಿಂತರು. ಮೊದಲು ಎರಡು ಹುಬ್ಬಿನ ನಡುವಿನ ಕೂದಲನ್ನು ಪ್ಲಕ್ಕರ್‌ನಿಂದ ಕಿತ್ತರು. ಅದೇ ಪ್ಲಕ್ಕರ್‌ ಅನ್ನು ತೊಳೆಯದೆ ಮೂಗಿನೊಳಗೆ ಹಾಕಿ, ಎರಡೂ ಹೊಳ್ಳೆಗಳಿಂದ ಹತ್ತು ಹನ್ನೆರಡು ಕೂದಲು ಎಳೆದು ತೆಗೆದರು. ಕಣ್ಣಲ್ಲಿ ನೀರು ಬಂತು, ಒಂದೆರಡು ಸೀನು ಬಂದವು, ಅಷ್ಟೇ. ಭಾನುವಾರ ಸಂಜೆ ಮುಖ ಒರೆಸಿಕೊಳ್ಳುವಾಗ ಮೂಗಿನ ತುದಿಗೆ ಟವೆಲ್ ತಾಗಿದರೆ ಚುರ್ ಎನ್ನುವ ನೋವು. ಸೋಮವಾರ ಬೆಳಿಗ್ಗೆ ತುದಿ ಕೆಂಪಾಗಿತ್ತು, ಬಲ ಹೊಳ್ಳೆಯೊಳಗೆ ಸಣ್ಣ ಗಂಟು ಕೈಗೆ ಸಿಗುತ್ತಿತ್ತು. ಫೋಟೋದಲ್ಲಿ ಕಾಣಬಾರದೆಂದು ಅದನ್ನು ಹಿಂಡಿದರು. ಆ ರಾತ್ರಿಯೇ ಚಳಿಜ್ವರ. ಮಂಗಳವಾರ ಏಳುವಾಗ ಮೇಲ್ತುಟಿ ದಪ್ಪಗಾಗಿ, ಕಣ್ಣಿನ ಕೆಳಗಿನವರೆಗೂ ಬಾವು ಏರಿತ್ತು. ಕಿವಿ-ಮೂಗು-ಗಂಟಲು ವೈದ್ಯರು ನೋಡಿದ ಕೂಡಲೇ ಅಡ್ಮಿಟ್ ಮಾಡಿಕೊಂಡು ನರಕ್ಕೆ ಆಂಟಿಬಯಾಟಿಕ್ ಹಾಕಿದರು. ಅವರು ಪೂರ್ತಿ ಗುಣವಾದರು, ಆದರೆ ಆ ವಾರ ಇಡೀ ಮನೆಯವರಿಗೆ ಮದುವೆಯ ಸಂಭ್ರಮವೇ ಇರಲಿಲ್ಲ.

ಇದು ಹೇಗಾಗುತ್ತದೆ ಅಂತ ಗೊತ್ತಿದ್ದರೆ ಯಾರೂ ಆ ಪ್ಲಕ್ಕರ್ ಹಿಡಿಯುವುದಿಲ್ಲ. ಹೊಳ್ಳೆಯೊಳಗಿನ ಮೊದಲ ಒಂದು ಸೆಂಟಿಮೀಟರಿನಷ್ಟು ಜಾಗ ನಮ್ಮ ಮುಖದಂಥದ್ದೇ ಚರ್ಮ. ಗಡಸು ಕೂದಲು ಬೆಳೆಯುವುದು ಅಲ್ಲಿಯೇ. ಸ್ಟಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಮೂರರಲ್ಲಿ ಸುಮಾರು ಒಬ್ಬರ ಮೂಗಿನಲ್ಲಿ ಯಾವ ತೊಂದರೆಯೂ ಕೊಡದೆ ವಾಸವಾಗಿರುತ್ತದೆ. ಕೂದಲನ್ನು ಬುಡಸಮೇತ ಕಿತ್ತರೆ ಅದು ನಿಂತಿದ್ದ ಗುಳಿ ಹಸಿಗಾಯವಾಗಿ ತೆರೆದುಕೊಳ್ಳುತ್ತದೆ, ಬ್ಯಾಕ್ಟೀರಿಯಾ ನೇರವಾಗಿ ಅದರೊಳಗೆ ಇಳಿಯುತ್ತದೆ. ಒಂದು ದಿನದಲ್ಲೋ ಎರಡು ದಿನದಲ್ಲೋ ಅಲ್ಲೇ ಕುರು ಏಳಬಹುದು. ಮೂಗಿನ ಚರ್ಮ ಅಡಿಯ ಮೃದ್ವಸ್ಥಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಕೀವಿಗೆ ಹಿಗ್ಗಲು ಜಾಗವಿಲ್ಲ. ಹಾಗಾಗಿಯೇ ಸಾಸಿವೆಯಷ್ಟು ಕುರು ಅಷ್ಟೊಂದು ನೋಯುವುದು.

ಹಿಂಡುವುದು ಇನ್ನೂ ಅಪಾಯ. ಬಾಯಿಯ ಎರಡು ಮೂಲೆಗಳಿಂದ ಮೂಗಿನ ಮೇಲ್ಬುಡದವರೆಗೆ ಒಂದು ತ್ರಿಕೋನ ಎಳೆದುಕೊಳ್ಳಿ. ಈ ಜಾಗದ ರಕ್ತನಾಳಗಳಿಗೆ ಕಣ್ಣಿನ ಹಿಂದೆ, ಮಿದುಳಿನ ತಳದಲ್ಲಿರುವ ರಕ್ತನಾಳಗಳ ಜೊತೆ ಸಂಪರ್ಕವಿದೆ. ಹಿಂಡಿದಾಗ ಕೀವು ಹೊರಗೇ ಬರಬೇಕೆಂದಿಲ್ಲ, ಒಳಕ್ಕೂ ಸರಿಯಬಹುದು. ಸೋಂಕು ಆ ದಾರಿ ಹಿಡಿದು ಒಳಗೆ ಹೋಗುವುದು ಬಹಳ ಅಪರೂಪ. ಆದರೆ ಹೋದರೆ ಜೀವಕ್ಕೇ ಕುತ್ತು. ಸಕ್ಕರೆ ಕಾಯಿಲೆ ಇದ್ದವರಂತೂ ಮೂಗಿನ ಕೂದಲು ಕೀಳಲೇಬಾರದು.

ಸೆಲೂನಿನಲ್ಲಿ ಕಡ್ಡಿಗೆ ಬಿಸಿ ವ್ಯಾಕ್ಸ್ ಸುತ್ತಿ ಹೊಳ್ಳೆಗೆ ತುರುಕಿ ಒಂದೇ ಏಟಿಗೆ ಎಳೆಯುತ್ತಾರಲ್ಲ, ಅದೂ ಕೀಳುವುದೇ. ಒಂದು ಕೂದಲಿನ ಬದಲು ಹತ್ತಾರು ಗುಳಿಗಳು ಒಟ್ಟಿಗೆ ತೆರೆಯುತ್ತವೆ. ಕೂದಲು ಉದುರಿಸುವ ಕ್ರೀಮ್ ಮೂಗಿನೊಳಗೆ ಹಚ್ಚಿದರೆ ಒಳಪೊರೆ ಸುಡುತ್ತದೆ.

ಮಾಡಬೇಕಾದ್ದು ಇಷ್ಟೇ: ಹೊರಗೆ ಇಣುಕುವುದನ್ನು ಮಾತ್ರ ಕತ್ತರಿಸಿ, ಒಳಗಿನದನ್ನು ಬಿಡಿ. ಧೂಳು ತಡೆಯುವ ಕೆಲಸ ಅದರದ್ದು. ಮೊದಲು ಮೂಗು ಸೀದಿ, ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಒರೆಸಿಕೊಳ್ಳಿ. ಕಿಟಕಿಯ ಬೆಳಕಿಗೆ ಮುಖಮಾಡಿ, ಎಡಗೈ ಹೆಬ್ಬೆರಳಿನಿಂದ ಮೂಗಿನ ತುದಿಯನ್ನು ಹಂದಿಯ ಮೂಗಿನಂತೆ ಮೇಲಕ್ಕೆ ಎತ್ತಿದರೆ ಅಂಚು ಪೂರ್ತಿ ಕಾಣುತ್ತದೆ. ತುದಿ ಗುಂಡಗಿರುವ ಸಣ್ಣ ಕತ್ತರಿಯಾದರೆ ಎರಡು ಮೂರು ಮಿಲಿಮೀಟರ್ ಉಳಿಸಿ ಕತ್ತರಿಸಿ. ಚರ್ಮಕ್ಕೆ ಒತ್ತಿ ನುಣ್ಣಗೆ ಮಾಡಲು ಹೋಗಬೇಡಿ. ಎರಡು ಮೂರು ವಾರಕ್ಕೊಮ್ಮೆ ಮಾಡಿದರೆ ಸಾಕು.

ಟ್ರಿಮ್ಮರ್ ಬಳಸುವವರು ಕೆಡುವುದು ಬ್ಯಾಟರಿಯಿಂದ. ಒಂದೇ ಪೆನ್ಸಿಲ್ ಸೆಲ್‌ನಲ್ಲಿ ಓಡುವ ಅಗ್ಗದ ಟ್ರಿಮ್ಮರ್‌ನ ಸೆಲ್ ಇಳಿದಾಗ ಅದು ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಆಗ ಬ್ಲೇಡು ಕೂದಲನ್ನು ಕತ್ತರಿಸುವ ಬದಲು ಕಚ್ಚಿ ಎಳೆಯುತ್ತದೆ. ಅಂದರೆ ನಿಮಗೆ ಗೊತ್ತಿಲ್ಲದೆಯೇ ಮತ್ತೆ ಕೀಳುವ ಕೆಲಸ. ಗುಂಯ್ ಎನ್ನುವ ಸದ್ದು ತಗ್ಗಿದರೆ, ಅಥವಾ ಒಮ್ಮೆಯಾದರೂ ಚಿಮುಟಿದಂತಾದರೆ, ಅಲ್ಲಿಗೇ ನಿಲ್ಲಿಸಿ ಸೆಲ್ ಬದಲಿಸಿ. ಹೊರಗೇ ಆನ್ ಮಾಡಿ ಒಳಗಿಡಿ, ಹೊರಗೆ ತೆಗೆದ ಮೇಲೆಯೇ ಆಫ್ ಮಾಡಿ. ಒಳಗಿರುವಾಗ ಆಫ್ ಮಾಡಿದರೆ ಅರ್ಧ ಕಚ್ಚಿದ ಕೂದಲು ಬ್ಲೇಡಿನಲ್ಲೇ ಉಳಿದು, ತೆಗೆಯುವಾಗ ಬುಡಸಮೇತ ಬರುತ್ತದೆ. ಅರ್ಧ ಸೆಂಟಿಮೀಟರಿಗಿಂತ ಒಳಕ್ಕೆ ತಳ್ಳುವುದು ಬೇಡ. ಅಪ್ಪ-ಮಗ, ಅಣ್ಣ-ತಮ್ಮ ಅಂತ ಒಂದೇ ಟ್ರಿಮ್ಮರ್ ಹಂಚಿಕೊಳ್ಳಬೇಡಿ. ಸೆಲೂನಿನಲ್ಲಿ ಹಿಂದಿನವರ ಮೂಗಿನಿಂದ ತೆಗೆದ ಟ್ರಿಮ್ಮರ್ ನಿಮ್ಮ ಹತ್ತಿರ ಬಂದರೆ, "ಅಣ್ಣಾ, ಮೂಗು ಬೇಡ, ಕತ್ತರಿಯಲ್ಲಿ ಹೊರಗಿನದು ಮಾತ್ರ ತೆಗೀರಿ" ಅಂತ ಹೇಳಲು ಸಂಕೋಚ ಬೇಡ.

ಕಿವಿಯದು ಇಷ್ಟು ಅಪಾಯವಲ್ಲ, ಆದರೆ ಒಂದು ತಪ್ಪು ಹಲವರು ಮಾಡುತ್ತಾರೆ. ಟ್ರಿಮ್ಮರನ್ನು ರಂಧ್ರದೊಳಗೆ ಇಳಿಸಿದರೆ ಕತ್ತರಿಸಿದ ತುಣುಕುಗಳು ಒಳಕ್ಕೆ ಬಿದ್ದು ಗುಗ್ಗೆಗೆ ಅಂಟಿಕೊಳ್ಳುತ್ತವೆ. ಒಂದು ತುಣುಕು ಕಿವಿತಮಟೆಯ ಮೇಲೆ ಕೂತರೆ ದವಡೆ ಆಡಿಸಿದಾಗಲೆಲ್ಲ ಕೆರೆದಂತೆ ಸದ್ದು ಬರುತ್ತದೆ. ಅದನ್ನು ತೆಗೆಯಲು ಹತ್ತಿಕಡ್ಡಿ ಹಾಕಿದರೆ ಇನ್ನಷ್ಟು ಒಳಕ್ಕೆ ಹೋಗುತ್ತದೆ. ತಲೆಯನ್ನು ಆ ಕಡೆಗೆ ಬಾಗಿಸಿ, ಕಿವಿಯನ್ನು ಕೆಳಮುಖ ಮಾಡಿಕೊಂಡು, ಅಂಚಿನ ಮತ್ತು ರಂಧ್ರದ ಬಾಗಿಲಲ್ಲಿರುವ ಕೂದಲನ್ನು ಮಾತ್ರ ತೆಗೆದರೆ ಈ ತಾಪತ್ರಯವಿಲ್ಲ.

ಕೂಡುಹುಬ್ಬಿಗೆ ಮಾತ್ರ ಪ್ಲಕ್ಕರ್ ಸರಿ, ಏಕೆಂದರೆ ಅಲ್ಲಿನ ಚರ್ಮ ಒಣಗಿರುತ್ತದೆ, ಒರೆಸಿ ಶುಚಿ ಮಾಡಬಹುದು. ಆದರೆ ಅದು ಮೂಗಿಗೆ ಹಾಕಿದ ಪ್ಲಕ್ಕರ್ ಆಗಿರಬಾರದು. ಕಣ್ಣಿನ ಒಳಮೂಲೆಯಿಂದ ನೇರ ಮೇಲಕ್ಕೆ ಪೆನ್ಸಿಲ್ ಹಿಡಿದರೆ ಅದೇ ಹುಬ್ಬಿನ ಗಡಿ. ಅದನ್ನು ದಾಟಬೇಡಿ. ಗಂಡಸರ ಮುಖಕ್ಕೆ ಅದಕ್ಕಿಂತ ಒಂದೆರಡು ಮಿಲಿಮೀಟರ್ ಒಳಗೇ ನಿಲ್ಲಿಸಿದರೆ ಇನ್ನೂ ಸಹಜ. ಸ್ನಾನವಾದ ಕೂಡಲೇ, ಸ್ಪಿರಿಟ್‌ನಿಂದ ಒರೆಸಿದ ಪ್ಲಕ್ಕರ್‌ನಲ್ಲಿ, ನಟ್ಟನಡುವಿನಿಂದ ಶುರುಮಾಡಿ, ಒಂದೊಂದೇ ಕೂದಲನ್ನು ಅದು ಬೆಳೆದ ದಿಕ್ಕಿಗೇ ಎಳೆಯಿರಿ. ನಾಲ್ಕೈದು ತೆಗೆದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಕನ್ನಡಿ ನೋಡಿ. ಹತ್ತಿರದಿಂದಲೇ ನೋಡುತ್ತಾ ಹೋದವರ ಹುಬ್ಬಿನ ನಡುವೆ ಬಯಲಾಗಿರುತ್ತದೆ. ಮೊಡವೆಗೆ ಅಡಾಪಲೀನ್ ಅಥವಾ ಟ್ರೆಟಿನಾಯಿನ್ ಹಚ್ಚುತ್ತಿರುವವರು ಅಲ್ಲಿ ವ್ಯಾಕ್ಸ್ ಮಾಡಿಸಬೇಡಿ, ಚರ್ಮವೇ ಕಿತ್ತು ಬರಬಹುದು.

ಈಗಾಗಲೇ ಮೂಗಿನ ಕೂದಲು ಕಿತ್ತು ಅಲ್ಲಿ ನೋವು ಶುರುವಾಗಿದ್ದರೆ, ಬೆರಳು ಹಾಕಬೇಡಿ, ಹಿಂಡಬೇಡಿ. ಬಿಸಿನೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಚರ್ಮ ತಾಳುವಷ್ಟು ಬಿಸಿಯಲ್ಲಿ ಹೊರಗಿನಿಂದ ಹತ್ತು ಹದಿನೈದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಇಡಿ. ಮರುದಿನಕ್ಕೆ ತಗ್ಗದಿದ್ದರೆ ವೈದ್ಯರಿಗೆ ತೋರಿಸಿ. ಮನೆಯಲ್ಲಿ ಉಳಿದಿರುವ ಹಳೇ ಸ್ಟೀರಾಯ್ಡ್ ಮುಲಾಮನ್ನಂತೂ ಹಚ್ಚಲೇಬೇಡಿ, ಅದು ಸೋಂಕನ್ನು ಬೆಳೆಸುತ್ತದೆ. ಜ್ವರ, ಬಿಡದ ತಲೆನೋವು, ರೆಪ್ಪೆ ಊದುವುದು, ವಸ್ತು ಎರಡೆರಡಾಗಿ ಕಾಣುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯದೆ, ಅದೇ ರಾತ್ರಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಮೂಗಿನ ಕೂದಲು ಕಿತ್ತಿದ್ದನ್ನು ಮುಚ್ಚಿಡದೆ ಹೇಳಿ.