ಕನ್ನಡ ಟೆಕ್ಸ್ಟ್-ಟು-ಸ್ಪೀಚ್ ಧ್ವನಿ: ವರ್ಷ ದಾಟಿದ ಬಳಕೆಯ ನಂತರ, ಅಂಕಿಗಳ ಬಗ್ಗೆ

ವಿವರಣೆ ವಿಡಿಯೋಗಳಿಗೆ ಈ ಕನ್ನಡ ಧ್ವನಿ ಸೇವೆಯನ್ನು ಬಳಸಲು ಶುರುಮಾಡಿ ಒಂದು ವರ್ಷ ದಾಟಿದೆ. ಮಾತಿನ ಓಟ ಚೆನ್ನಾಗಿದೆ, ಒತ್ತಕ್ಷರಗಳು ಸ್ಪಷ್ಟ. ಆದರೆ ಅಂಕಿ ಬಂದ ಕೂಡಲೇ ಧ್ವನಿ ಎಡವುತ್ತದೆ. ಬರೀ ಅಂಕಿಯನ್ನು ಸರಿಯಾಗಿಯೇ ಓದುತ್ತದೆ. ಅದಕ್ಕೆ ವಿಭಕ್ತಿ ಪ್ರತ್ಯಯ ಅಂಟಿಕೊಂಡಾಗ ಹೆಚ್ಚು ತೊಂದರೆ.

"1947ರಲ್ಲಿ" ಎಂದು ಬರೆದರೆ "ಸಾವಿರದ ಒಂಬೈನೂರ ನಲವತ್ತೇಳು, ರಲ್ಲಿ" ಎಂದು ಓದುತ್ತದೆ. ನಾವು ಮಾತಾಡುವಾಗ ಕೊನೆಯ ಉಕಾರ ಬಿದ್ದು "ನಲವತ್ತೇಳರಲ್ಲಿ" ಆಗುತ್ತದೆ. "10ರಿಂದ" ಎಂದರೆ ಹತ್ತರಿಂದ, "5ಕ್ಕೆ" ಎಂದರೆ ಐದಕ್ಕೆ, "2ನೇ" ಎಂದರೆ ಎರಡನೇ. ಸೇವೆ ಮೊದಲು ಅಂಕಿಯನ್ನು ಪದ ಮಾಡುತ್ತದೆ, ಆಮೇಲೆ ಉಳಿದ ತುಂಡನ್ನು ಬೇರೆ ಪದ ಎಂದುಕೊಂಡು ಓದುತ್ತದೆ. ಎರಡರ ನಡುವೆ ಆಗಬೇಕಾದ ಬದಲಾವಣೆ ಆಗುವುದೇ ಇಲ್ಲ. ಉಚ್ಚಾರಣೆ ಪಟ್ಟಿಗೆ ಸೇರಿಸಿದರೆ ಸರಿಹೋಗಬಹುದಲ್ವಾ ಅನಿಸುತ್ತದೆ. ಆದರೆ ಅಂಕಿಗಳಿಗೆ ಕೊನೆಯಿಲ್ಲ, ಎಷ್ಟು ಅಂತ ಸೇರಿಸುವುದು? ಹಾಗಾಗಿ ಸ್ಕ್ರಿಪ್ಟಿನಲ್ಲೇ ಅಕ್ಷರದಲ್ಲಿ ಬರೆಯಬೇಕು.

ಒಂದು ಮಾದರಿ ಸಾಲು ನೋಡಿ:

"ರೂ. 1,25,500 ಮೊತ್ತವನ್ನು 05-06-2024ರಂದು 3 ಜನರಿಗೆ ಹಂಚಲಾಯಿತು."

ಓದುಗನ ಕಣ್ಣಿಗೆ ಇದರಲ್ಲಿ ಏನೂ ತಪ್ಪಿಲ್ಲ. ಕಿವಿಗೆ ಮಾತ್ರ ಹಲವು ತೊಡಕು. "ರೂ." ನಂತರದ ಚುಕ್ಕೆಯನ್ನು ವಾಕ್ಯದ ಕೊನೆ ಎಂದುಕೊಂಡು ಧ್ವನಿ ನಿಲ್ಲುತ್ತದೆ. ಅದೂ ಅಲ್ಲದೆ ಮಾತಿನಲ್ಲಿ ನಾವು ಮೊದಲು ಮೊತ್ತ ಹೇಳಿ ಆಮೇಲೆ ರೂಪಾಯಿ ಅನ್ನುತ್ತೇವೆ. ತಾರೀಕಿನಲ್ಲಿ 05 ದಿನವೋ ತಿಂಗಳೋ ಯಂತ್ರಕ್ಕೆ ಗೊತ್ತಿಲ್ಲ, ಅಡ್ಡಗೆರೆಯನ್ನು ಒಮ್ಮೊಮ್ಮೆ "ಮೈನಸ್" ಎಂದೂ ಓದಿಬಿಡುತ್ತದೆ. ಇನ್ನು "ಮೂರು ಜನರಿಗೆ" ಎಂಬುದು ಅರ್ಥವಾದರೂ ಮಾತಿಗೆ ಒಗ್ಗುವುದು "ಮೂವರಿಗೆ". ನಾನು ತಿದ್ದಿದ್ದು ಹೀಗೆ:

"ಒಂದು ಲಕ್ಷದ ಇಪ್ಪತ್ತೈದು ಸಾವಿರದ ಐನೂರು ರೂಪಾಯಿಯನ್ನು ಎರಡು ಸಾವಿರದ ಇಪ್ಪತ್ನಾಲ್ಕರ ಜೂನ್ ಐದರಂದು ಮೂವರಿಗೆ ಹಂಚಲಾಯಿತು."

ಲಕ್ಷದ, ಸಾವಿರದ, ಒಂಬೈನೂರ ಎಂಬ ಜೋಡಣೆಗಳನ್ನು ಬಿಡಬಾರದು. "ಎರಡು ನೂರು ಐವತ್ತು" ಎಂದು ಬರೆದರೆ ಪಟ್ಟಿ ಓದಿದ ಹಾಗೆ ಕೇಳುತ್ತದೆ, "ಇನ್ನೂರ ಐವತ್ತು" ಎಂದರೆ ಮಾತಿನ ಹಾಗೆ. ಅಳತೆಗಳಲ್ಲೂ ಅಷ್ಟೆ. "2.5 ಕಿ.ಮೀ." ಅನ್ನು ನಾನು "ಎರಡೂವರೆ ಕಿಲೋಮೀಟರ್" ಮಾಡುತ್ತೇನೆ. ಆದರೆ ನಿಖರತೆ ಮುಖ್ಯವಾದಲ್ಲಿ, ಉದಾಹರಣೆಗೆ 3.14 ಬಂದಾಗ, "ಮೂರು ಪಾಯಿಂಟ್ ಒಂದು ನಾಲ್ಕು" ಎಂದೇ ಬರೆಯುತ್ತೇನೆ. ಚುಕ್ಕೆಯ ನಂತರದ ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಿಸದಿದ್ದರೆ ಅದು "ಹದಿನಾಲ್ಕು" ಆಗಿ ಕೇಳುಗರಿಗೆ ಗೊಂದಲ. ಫೋನ್ ನಂಬರ್‌ಗೂ ಬಿಡಿ ಅಂಕಿಗಳೇ ಬೇಕು, ನಡುವೆ ಒಂದೆರಡು ಅಲ್ಪವಿರಾಮ ಹಾಕಿದರೆ ಬರೆದುಕೊಳ್ಳಲು ಸಮಯ ಸಿಗುತ್ತದೆ.

ಇದರಿಂದ ಹೊಸ ತಲೆನೋವೊಂದು ಹುಟ್ಟುತ್ತದೆ. ಇದೇ ಸ್ಕ್ರಿಪ್ಟಿನಿಂದ ಸಬ್‌ಟೈಟಲ್ ಮಾಡಿದರೆ ಪರದೆ ತುಂಬ ಉದ್ದುದ್ದ ಪದಗಳು. ಮೊತ್ತವನ್ನು ಕಣ್ಣಿಂದ ಓದುವವರಿಗೆ 1,25,500 ಎಂಬುದೇ ಸುಲಭ. ಮೊದಮೊದಲು ಎರಡು ಪ್ರತಿ ಇಟ್ಟುಕೊಳ್ಳುತ್ತಿದ್ದೆ, ಒಂದರಲ್ಲಿ ಮಾಡಿದ ತಿದ್ದುಪಡಿ ಇನ್ನೊಂದಕ್ಕೆ ಹೋಗುತ್ತಿರಲಿಲ್ಲ. ಈಗ, ಪಠ್ಯವನ್ನು ಹೇಗೆ ಓದಬೇಕು ಎಂದು ಧ್ವನಿ ಸೇವೆಗೆ ತಿಳಿಸುವ ಗುರುತು ಭಾಷೆಯಾದ ಎಸ್‌ಎಸ್‌ಎಂಎಲ್‌ನ `sub` ಟ್ಯಾಗ್ ಬಳಸುತ್ತೇನೆ:

```xml
<sub alias="ಜೂನ್ ಐದರಂದು">ಜೂನ್ 5ರಂದು</sub>
```

ಒಳಗಿರುವುದು ಕಣ್ಣಿಗೆ, `alias` ಕಿವಿಗೆ. ಪ್ರತ್ಯಯವನ್ನೂ ಟ್ಯಾಗಿನ ಒಳಗೇ ಸೇರಿಸಬೇಕು. "5" ಮಾತ್ರ ಒಳಗಿಟ್ಟು "ರಂದು" ಹೊರಗೆ ಬಿಟ್ಟರೆ ಹಳೆಯ ತೊಂದರೆ ಹಾಗೆಯೇ ಉಳಿಯುತ್ತದೆ. `say-as` ಟ್ಯಾಗನ್ನೂ ಬಳಸಿ ನೋಡಿದ್ದೇನೆ. ತಾರೀಕಿನಲ್ಲಿ ಯಾವುದು ದಿನ, ಯಾವುದು ತಿಂಗಳು ಎಂದು ಅದು ಹೇಳಿಕೊಡುತ್ತದೆ, ಆದರೆ ಪ್ರತ್ಯಯ ಕೂಡಿಸುವ ಕೆಲಸ ಅದರದ್ದಲ್ಲ. ಎಲ್ಲ ಸೇವೆಗಳೂ ಈ ಟ್ಯಾಗ್‌ಗಳನ್ನು ಒಪ್ಪುವುದಿಲ್ಲ, ದುಡ್ಡು ಕೊಡುವ ಮೊದಲು ಒಂದು ಸಾಲು ಹಾಕಿ ನೋಡಿ.

ಆಡಿಯೋ ಮಾಡಿಸುವ ಮುನ್ನ ಈ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಿಂದ ಸ್ಕ್ರಿಪ್ಟಿನ ಅಂಕಿಗಳನ್ನು ಹುಡುಕಿ, `sub` ಟ್ಯಾಗಿನ ಹೊರಗೆ ಯಾವುದಾದರೂ ಉಳಿದಿದೆಯಾ ಎಂದು ನೋಡುತ್ತೇನೆ:

```
[0-9೦-೯]
```

ಕನ್ನಡ ಅಂಕಿಗಳನ್ನೂ ಸೇರಿಸಿರುವುದು ಸುಮ್ನೆ ಅಲ್ಲ. ಬೇರೆ ಕಡೆಯಿಂದ ನಕಲು ಮಾಡಿ ತಂದ ಪಠ್ಯದಲ್ಲಿ ಅವು ಒಮ್ಮೊಮ್ಮೆ ಇರುತ್ತವೆ. ಕೊನೆಗೆ ಸ್ಕ್ರಿಪ್ಟ್ ನೋಡದೆ ಆಡಿಯೋ ಕೇಳಿ, ಕೇಳಿದ ಅಂಕಿಗಳನ್ನು ಕಾಗದದ ಮೇಲೆ ಬರೆದು ಮೂಲದ ಜೊತೆ ಹೋಲಿಸುತ್ತೇನೆ. ಸ್ಕ್ರಿಪ್ಟ್ ಕಣ್ಣ ಮುಂದಿದ್ದರೆ ತಪ್ಪು ಓದಿದರೂ ಕಿವಿಗೆ ಸರಿಯಾಗಿಯೇ ಕೇಳುತ್ತದೆ.

ಧ್ವನಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಅಂಕಿ ಓದುವುದಕ್ಕೆ ಎರಡು. ಕಥೆ, ಪ್ರಬಂಧ ಓದಿಸುವವರು ಧಾರಾಳವಾಗಿ ತಗೊಳ್ಳಿ. ದಿನದಿನದ ದರ, ಫಲಿತಾಂಶಗಳನ್ನು ಯಾರೂ ತಿದ್ದದೆ ನೇರವಾಗಿ ಓದಿಸುವ ಕೆಲಸಕ್ಕೆ ಇದನ್ನು ಈಗಲೇ ನಂಬಬೇಡಿ.