ಹಳೇ ಲ್ಯಾಪ್‌ಟಾಪಿನಲ್ಲಿ ಗೇಮ್: ಅಳೆದು ನೋಡಬೇಕಾ, ಬಿಚ್ಚಿ ನೋಡಬೇಕಾ?

ಅಣ್ಣ ಬಳಸಿ ಬಿಟ್ಟ ಏಳು ವರ್ಷದ ಗೇಮಿಂಗ್ ಲ್ಯಾಪ್‌ಟಾಪ್ ನನ್ನ ಕೈಗೆ ಬಂತು. ಅದನ್ನು ಒಮ್ಮೆಯೂ ಬಿಚ್ಚಿರಲಿಲ್ಲ. ಗೇಮ್ ಹಾಕುವ ಮೊದಲು ಒಳಗೆ ಹೇಗಿದೆ ಅಂತ ತಿಳಿಯಬೇಕಿತ್ತು. ಬಿಚ್ಚದೆ ಸಾಫ್ಟ್‌ವೇರಿನಲ್ಲಿ ಅಳೆಯುವುದು ಒಂದು ದಾರಿ, ಕೆಳಗಿನ ಕವರ್ ತೆಗೆದು ಕಣ್ಣಾರೆ ನೋಡುವುದು ಇನ್ನೊಂದು. ಎರಡನ್ನೂ ಮಾಡಿದೆ.

ಮೊದಲು ಅಳತೆ. ಚಾರ್ಜರ್ ಹಾಕಿ, ಗಟ್ಟಿ ಮೇಜಿನ ಮೇಲಿಟ್ಟು, ಬಿಸಿ, ವ್ಯಾಟ್ ತೋರಿಸುವ HWiNFO64 ತೆರೆದುಕೊಂಡು, ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಡುವ Cinebench ಟೆಸ್ಟನ್ನು ಹದಿನೈದು ನಿಮಿಷ ಓಡಿಸಿದೆ. ಸಾಮಾನ್ಯವಾಗಿ ಎಲ್ಲರೂ ಡಿಗ್ರಿ ಮಾತ್ರ ನೋಡುತ್ತಾರೆ. ಆದರೆ ಕೆಲವು ತೆಳು ಲ್ಯಾಪ್‌ಟಾಪ್‌ಗಳು ಹೊಸದಿದ್ದಾಗಲೇ 95 ಡಿಗ್ರಿ ಮುಟ್ಟುತ್ತವೆ. ಎಷ್ಟು ವ್ಯಾಟ್‌ಗೆ ಅಷ್ಟು ಬಿಸಿಯಾಯ್ತು ಅನ್ನೋದೇ ಮುಖ್ಯ. ಪ್ರೊಸೆಸರ್ ಎಷ್ಟು ವ್ಯಾಟ್ ಬಳಸುತ್ತಿದೆ ಅನ್ನೋದು CPU Package Power ಎಂಬ ಸಾಲಿನಲ್ಲಿ ಸಿಗುತ್ತದೆ. ನನ್ನ ಪ್ರೊಸೆಸರ್ 45 ವ್ಯಾಟ್‌ನದು. ಅದು 97 ಡಿಗ್ರಿ ಮುಟ್ಟಿ 28 ವ್ಯಾಟ್‌ಗೇ ನಿಂತಿತು. ಬಿಸಿ ಹೊರಹೋಗದೆ ತಾನೇ ವೇಗ ಇಳಿಸಿಕೊಂಡಿತ್ತು.

ತಪ್ಪು ಧೂಳಿನದಾ, ಚಿಪ್ಪಿಗೂ ಅದರ ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕಿಗೂ ನಡುವೆ ಹಚ್ಚಿರುವ ಪೇಸ್ಟಿನದಾ? ಇದಕ್ಕೆ ಬಿಸಿ ಏರುವ ರೀತಿ ನೋಡಬೇಕು. ಪೇಸ್ಟ್ ಒಣಗಿದ್ದರೆ ಚಿಪ್ಪಿನ ಬಿಸಿ ಹೀಟ್‌ಸಿಂಕಿಗೆ ಸರಿಯಾಗಿ ದಾಟುವುದಿಲ್ಲ. ಟೆಸ್ಟ್ ಶುರುವಾದ ಎರಡು ಮೂರು ಸೆಕೆಂಡಿಗೇ 90 ದಾಟುತ್ತದೆ, ನಿಲ್ಲಿಸಿದ ಕೂಡಲೇ ಧಡಾರನೆ ಇಳಿಯುತ್ತದೆ. ಹೊರಬರುವ ಗಾಳಿ ಬರೀ ಉಗುರು ಬೆಚ್ಚಗಿರುತ್ತದೆ. ಧೂಳು ಕಟ್ಟಿದ್ದರೆ ಹಾಗಲ್ಲ. ಬಿಸಿ ಹೀಟ್‌ಸಿಂಕಿನವರೆಗೆ ಬಂದು ಅಲ್ಲೇ ಉಳಿಯುತ್ತದೆ. ಹತ್ತು ನಿಮಿಷ ನಿಧಾನವಾಗಿ ಏರುತ್ತದೆ, ನಿಲ್ಲಿಸಿದ ಮೇಲೂ ಇಳಿಯಲು ತುಂಬಾ ಹೊತ್ತು ಬೇಕು. ಗಾಳಿ ಬಿಸಿಯಾಗಿರುತ್ತದೆ, ಆದರೆ ಬರುವುದು ಕಡಿಮೆ.

ನನ್ನದರಲ್ಲಿ ಎರಡೂ ಇತ್ತು. ಮೂರು ಸೆಕೆಂಡಿಗೆ 94 ಆಯ್ತು. ಅಲ್ಲಿಂದ ಮುಂದೆ ಬಿಸಿ ಹೆಚ್ಚು ಏರದಂತೆ ಪ್ರೊಸೆಸರ್ ತಡೆದುಕೊಂಡಿದ್ದರಿಂದ, ವ್ಯಾಟ್ ಹತ್ತು ನಿಮಿಷದವರೆಗೂ ಇಳಿಯುತ್ತಲೇ ಹೋಯ್ತು.

ಆಮೇಲೆ ಬಿಚ್ಚಿದೆ. ಧೂಳಿನ ವಿಷಯದಲ್ಲಿ ಕಣ್ಣಿಗೆ ಸಮ ಯಾವುದೂ ಇಲ್ಲ, ಆದರೆ ಸರಿಯಾದ ಜಾಗ ನೋಡಬೇಕು. ಹೊರಗಿನಿಂದ ಟಾರ್ಚ್ ಬಿಟ್ಟಾಗ ಗಾಳಿ ಬರುವ ಕಿಂಡಿ ಪೂರ್ತಿ ಸ್ವಚ್ಛವಾಗಿ ಕಂಡಿತ್ತು. ಫ್ಯಾನ್ ಮುಚ್ಚಳ ತೆಗೆದರೆ, ಫ್ಯಾನಿಗೂ ಹೀಟ್‌ಸಿಂಕಿನ ತೆಳು ತಗಡುಗಳಿಗೂ ನಡುವೆ ಬೂದು ಕಂಬಳಿಯ ಹಾಗೆ ಒಂದು ಪದರ ಕೂತಿತ್ತು. ಚಿಮಟದಲ್ಲಿ ಹಿಡಿದು ಎಳೆದರೆ ಇಡೀ ಪಟ್ಟಿಯೇ ಎದ್ದು ಬಂತು. ಹೊರಗಿನಿಂದ ಗಾಳಿ ಊದಿದ್ದರೆ ಇದು ಫ್ಯಾನಿನ ಕಡೆಗೇ ವಾಪಸ್ ಬೀಳುತ್ತಿತ್ತು ಅಷ್ಟೇ. ಊದುವಾಗ ಫ್ಯಾನನ್ನು ಬೆರಳಲ್ಲಿ ಹಿಡಿದಿಡಿ, ಸುಮ್ನೆ ಜೋರಾಗಿ ತಿರುಗಿಸಿದರೆ ಬೇರಿಂಗ್ ಹಾಳಾಗಬಹುದು.

ಪೇಸ್ಟಿನ ವಿಷಯದಲ್ಲಿ ಮಾತ್ರ ಬಿಚ್ಚಿ ನೋಡುವುದು ಸೋಲುತ್ತದೆ. ಹೀಟ್‌ಸಿಂಕ್ ಎತ್ತದೆ ಪೇಸ್ಟ್ ಕಾಣುವುದಿಲ್ಲ. ಎತ್ತಿದರೆ ಹಳೇ ಪದರ ಒಡೆಯುತ್ತದೆ, ಮತ್ತೆ ಹಾಗೇ ಕೂರಿಸುವಂತಿಲ್ಲ. ಹಾಗಾಗಿ ಹೊಸ ಪೇಸ್ಟ್ ಕೈಯಲ್ಲಿಲ್ಲದೆ ಎತ್ತಬೇಡಿ. ಧೂಳು ಮಾತ್ರ ತೆಗೆದು ಮತ್ತೆ ಟೆಸ್ಟ್ ಓಡಿಸಿದೆ. ಈ ಸಲ 33 ವ್ಯಾಟ್‌ನಲ್ಲಿ ಸ್ಥಿರವಾಯ್ತು, ನಿಧಾನವಾಗಿ ಇಳಿಯುವುದು ನಿಂತಿತು. ಆದರೆ ಮೂರು ಸೆಕೆಂಡಿನ ಜಿಗಿತ ಇದ್ದ ಹಾಗೇ ಇತ್ತು. ಪೇಸ್ಟ್ ಬದಲಿಸಲೇಬೇಕು ಅಂತ ಆಗ ಖಾತ್ರಿಯಾಯ್ತು. ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕದ ನಂಬರ್ ನೋಡಿ ಕೊನೆಯದರಿಂದ ಮೊದಲಿನದಕ್ಕೆ ಸಡಿಲಿಸಿದೆ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದೆ. ಹಳೇದು ಸೀಮೆಸುಣ್ಣದ ಪುಡಿಯ ಹಾಗೆ ಉದುರಿತು. ಆಮೇಲೆ ಹೊಸದನ್ನು ಹಚ್ಚಿದೆ. ಮೆಮೊರಿ ಚಿಪ್‌ಗಳ ಮೇಲಿನ ಮೆತ್ತನೆ ಪ್ಯಾಡ್‌ಗಳನ್ನು ಇದ್ದ ಜಾಗದಲ್ಲೇ ಬಿಟ್ಟೆ. ಅಲ್ಲಿ ಪೇಸ್ಟ್ ಹಚ್ಚಿದರೆ ಅಷ್ಟು ಅಗಲದ ಸಂದು ತುಂಬುವುದಿಲ್ಲ. ಕೊನೆಯ ಟೆಸ್ಟಿನಲ್ಲಿ ಪೂರ್ತಿ 45 ವ್ಯಾಟ್, 84 ಡಿಗ್ರಿ.

ಅಂದ್ರೆ ಪೇಸ್ಟಿಗೆ ಅಳತೆಯೇ ಮೇಲು. ಧೂಳಿಗೆ ಬಿಚ್ಚಿ ನೋಡುವುದೇ ಮೇಲು. ಒಂದನ್ನೇ ಮಾಡ್ತೀರಾದ್ರೆ ಅಳತೆ ಮಾಡಿ ಅಂತ ಹೇಳ್ತಿದ್ದೆ, ಬ್ಯಾಟರಿಯ ವಿಷಯ ಒಂದು ಇಲ್ಲದಿದ್ದರೆ.

ಬ್ಯಾಟರಿಯ ವಯಸ್ಸು ತಿಳಿಯಲು ಈ ಕಮಾಂಡ್ ಓಡಿಸಿದ್ದೆ:

```
powercfg /batteryreport
```

ಅದರಲ್ಲಿ FULL CHARGE CAPACITY ಎಂಬುದು DESIGN CAPACITYಯ ಸುಮಾರು 60 ಪರ್ಸೆಂಟ್ ಇತ್ತು. ವಯಸ್ಸಾಗಿದೆ, ಚಾರ್ಜರ್ ಹಾಕಿಯೇ ಆಡ್ತೀನಲ್ವಾ ಅಂದುಕೊಂಡೆ. ಕವರ್ ತೆಗೆದಾಗ ನೋಡಿದರೆ ಬ್ಯಾಟರಿಯ ಒಂದು ಸೆಲ್ ಮಧ್ಯದಲ್ಲಿ ದಿಂಬಿನ ಹಾಗೆ ಉಬ್ಬಿತ್ತು. ಟಚ್‌ಪ್ಯಾಡ್ ಒತ್ತಲು ಬಿಗಿ ಅನ್ನಿಸುತ್ತಿದ್ದದ್ದು ಅದಕ್ಕೇ. ರಿಪೋರ್ಟಿನ ಯಾವ ಅಂಕಿಯಲ್ಲೂ ಇದು ಇರಲಿಲ್ಲ. ಅಲ್ಲಿಗೇ ಕೆಲಸ ನಿಲ್ಲಿಸಿ, ಚುಚ್ಚದೆ, ಬಗ್ಗಿಸದೆ ಅದನ್ನು ಹೊರತೆಗೆದೆ. ಧೂಳು ತೆಗೆದ ಮೇಲಿನ ಎರಡೂ ಟೆಸ್ಟ್ ಓಡಿಸಿದ್ದು ಹೊಸ ಬ್ಯಾಟರಿ ಹಾಕಿದ ಮೇಲೆಯೇ. ಬ್ಯಾಟರಿ ಇಲ್ಲದೆ ಬರೀ ಚಾರ್ಜರಿನಲ್ಲಿ ಓಡಿಸಿದರೆ ಹಲವು ಲ್ಯಾಪ್‌ಟಾಪ್‌ಗಳು ತಾವಾಗಿ ವೇಗ ಕಡಿಮೆ ಮಾಡಿಕೊಳ್ಳುತ್ತವೆ, ಆಗ ವ್ಯಾಟ್ ಲೆಕ್ಕವೇ ತಪ್ಪಾಗುತ್ತದೆ.