ವಾಕ್ಸೆಂಗೊ ಎಂಎಸ್‌ಇಡಿ: ತತ್ವಪದದ ಮಿಕ್ಸ್‌ಗಳಲ್ಲಿ ಮೂರು ವರ್ಷಗಳ ಬಳಕೆ

ಕಲಬುರಗಿಯಲ್ಲಿ ನನ್ನದೊಂದು ಚಿಕ್ಕ ರೆಕಾರ್ಡಿಂಗ್ ಕೋಣೆಯಿದೆ. ಅಲ್ಲಿಗೆ ಬರುವವರಲ್ಲಿ ತತ್ವಪದ ಮತ್ತು ಭಜನೆಯ ಮೇಳದವರೇ ಹೆಚ್ಚು. ಅವರ ಹಾಡುಗಳು ಇಯರ್‌ಫೋನಿನಲ್ಲಿ ಕೇಳಿಸುವಷ್ಟೇ ಜಾತ್ರೆಯ ಹಾರ್ನ್ ಸ್ಪೀಕರುಗಳಲ್ಲೂ ಕೇಳಿಸುತ್ತವೆ. ಹಾರ್ನ್‌ಗಳಿಗೆ ಹೋಗುವುದು ಎಡ ಮತ್ತು ಬಲ ಕೂಡಿದ ಒಂದೇ ಮೊನೊ ಸಿಗ್ನಲ್. ಇಯರ್‌ಫೋನಿನಲ್ಲಿ ಅಗಲವಾಗಿ ಹರಡಿರುವ ಮಿಕ್ಸ್ ಹಾರ್ನಿನಲ್ಲಿ ಕುಸಿಯದಂತೆ ಮಾಡಲು ಮೂರು ವರ್ಷಗಳಿಂದ ವಾಕ್ಸೆಂಗೊ ಕಂಪನಿಯ MSED ಎಂಬ ಉಚಿತ ಪ್ಲಗಿನ್ ಬಳಸುತ್ತಿದ್ದೇನೆ. ಈ ವಿಮರ್ಶೆ ಆ ಒಂದು ಕೆಲಸಕ್ಕೆ ಮಾತ್ರ ಸಂಬಂಧಿಸಿದ್ದು.

ಇದನ್ನು ಹುಡುಕಲು ಕಾರಣವಾದ ತಪ್ಪನ್ನು ಮೊದಲು ಹೇಳಬೇಕು. ಒಂದು ಮೇಳದ ಹಾರ್ಮೋನಿಯಂ ಅನ್ನು ಒಂದೇ ಮೈಕಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದೆ. ಅದನ್ನು ಅಗಲಗೊಳಿಸಲು ಬೇರೊಂದು ಪ್ಲಗಿನ್ನಿನಲ್ಲಿ ಅದರ ಪ್ರತಿ ಮಾಡಿ, ಮೂಲವನ್ನು ಪೂರ್ತಿ ಎಡಕ್ಕೂ ಪ್ರತಿಯನ್ನು 10 ಮಿಲಿಸೆಕೆಂಡ್ ತಡವಾಗಿ ಪೂರ್ತಿ ಬಲಕ್ಕೂ ಇಟ್ಟೆ. ಹೆಡ್‌ಫೋನಿನಲ್ಲಿ ಅದು ಬಹಳ ಸೊಗಸಾಗಿತ್ತು. ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯ ಜಾತ್ರೆಯಲ್ಲಿ ಅದೇ ಹಾಡು ಹಾಕಿದಾಗ ಮೇಳದ ಹಿರಿಯರು ಫೋನ್ ಮಾಡಿ, "ಸರ, ಪೇಟಿ ದನಿ ಒಮ್ಮೆ ಬರತೈತಿ, ಒಮ್ಮೆ ಹೋಗತೈತಿ, ಯಾಕ್ರಿ?" ಎಂದು ಕೇಳಿದರು.

ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಒಂದೇ ಧ್ವನಿಯನ್ನು 10 ಮಿಲಿಸೆಕೆಂಡ್ ಅಂತರದಲ್ಲಿ ತನ್ನೊಂದಿಗೇ ಕೂಡಿಸಿದರೆ 50, 150, 250, 350 ಹರ್ಟ್ಸ್ ಹೀಗೆ ಪ್ರತಿ 100 ಹರ್ಟ್ಸ್‌ಗೊಂದು ಕಡೆ ಧ್ವನಿ ಅಳಿದುಹೋಗುತ್ತದೆ. ಅವುಗಳ ನಡುವೆ 300, 400, 500ರಲ್ಲಿ ಇಮ್ಮಡಿಯಾಗುತ್ತದೆ. ಹಾರ್ಮೋನಿಯಂನ ಬಿಳಿ ನಾಲ್ಕರ ಸ್ವರ ಸುಮಾರು 349 ಹರ್ಟ್ಸ್, ಬಿಳಿ ಐದರದು ಸುಮಾರು 392. ಆದ್ದರಿಂದ ನಾಲ್ಕನ್ನು ಒತ್ತಿದಾಗ ಮೂಲಸ್ವರವೇ ಮಾಯವಾಗಿ, ಅದರ ಇಮ್ಮಡಿಯಾದ 698 ಹರ್ಟ್ಸ್‌ನ ಸಂವಾದಿ ಸ್ವರವಷ್ಟೇ ತೆಳ್ಳಗೆ ಉಳಿಯುತ್ತಿತ್ತು; ಪಕ್ಕದ ಐದನ್ನು ಒತ್ತಿದಾಗ ಧ್ವನಿ ಗಟ್ಟಿಯಾಗಿ ಏಳುತ್ತಿತ್ತು. ಯಾವ ಈಕ್ವಲೈಸರಿನಿಂದಲೂ ಇದನ್ನು ಸರಿಪಡಿಸಲಾಗದು, ಏಕೆಂದರೆ ಅಳಿದುಹೋದದ್ದನ್ನು ಹೆಚ್ಚಿಸಲು ಅಲ್ಲಿ ಏನೂ ಉಳಿದಿರುವುದಿಲ್ಲ.

MSED ಕೆಲಸ ಮಾಡುವ ರೀತಿಯೇ ಬೇರೆ. ಅದು ಎಡ-ಬಲಗಳನ್ನು ಕೂಡಿಸಿ ಮಿಡ್ ಎಂದೂ, ಕಳೆದು ಸೈಡ್ ಎಂದೂ ಬೇರ್ಪಡಿಸುತ್ತದೆ. ಎರಡರ ಮಟ್ಟವನ್ನು ಬದಲಿಸಿದ ಮೇಲೆ ಮತ್ತೆ ಎಡ-ಬಲವಾಗಿ ಜೋಡಿಸುತ್ತದೆ.

```
M = (L + R) / 2
S = (L - R) / 2
L = M + S
R = M - S
```

ಕೊನೆಯ ಎರಡು ಸಾಲುಗಳನ್ನು ಕೂಡಿದರೆ S ಪೂರ್ತಿಯಾಗಿ ಹೊರಟುಹೋಗಿ 2M ಮಾತ್ರ ಉಳಿಯುತ್ತದೆ. ಅಂದರೆ ಸೈಡನ್ನು ಎಷ್ಟೇ ಏರಿಸಿದರೂ ಮೊನೊದಲ್ಲಿ ಕೇಳುವ ಧ್ವನಿಯಲ್ಲಿ ಹೊಸ ಹೊಂಡಗಳು ಬೀಳುವುದಿಲ್ಲ. ತಡದಿಂದ ಮಾಡಿದ ಅಗಲಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ. 1931ರಲ್ಲಿ ಅಲನ್ ಬ್ಲಮ್‌ಲೈನ್ ಸ್ಟೀರಿಯೊಗೆ ಪೇಟೆಂಟ್ ಅರ್ಜಿ ಹಾಕಿದ ಕಾಲದಿಂದಲೂ ಈ ಕೂಡು-ಕಳೆ ತಂತ್ರ ಬಳಕೆಯಲ್ಲಿದೆ. ಎಫ್‌ಎಂ ಸ್ಟೀರಿಯೊ ಪ್ರಸಾರವೂ ಇದನ್ನೇ ನೆಚ್ಚಿಕೊಂಡಿರುವುದರಿಂದ, ಸಿಗ್ನಲ್ ಕ್ಷೀಣಿಸಿದಾಗ ರೇಡಿಯೊ ಕಳೆದ ಭಾಗವನ್ನು ಬಿಟ್ಟು ಕೂಡಿದ ಭಾಗವನ್ನಷ್ಟೇ ಕೇಳಿಸುತ್ತದೆ.

ಹಾಗೆಂದು ಸೈಡನ್ನು ಮನಬಂದಂತೆ ಏರಿಸುವಂತಿಲ್ಲ. ಇದು ನನಗೆ ತಿಳಿಯಲು ಸುಮಾರು ಒಂದು ವರ್ಷ ಹಿಡಿಯಿತು. ಸ್ವರ ಕೆಡುವುದಿಲ್ಲ, ಆದರೆ ವಾದ್ಯಗಳ ನಡುವಿನ ಸಮತೋಲ ಕೆಡುತ್ತದೆ. ಅದೇ ಮೇಳದ ಹಿಮ್ಮೇಳವನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಹಿಮ್ಮೇಳದವರಿಂದ ಒಂದೇ ಸಾಲನ್ನು ಎರಡು ಸಲ ಹಾಡಿಸಿ, ಒಂದನ್ನು ಪೂರ್ತಿ ಎಡಕ್ಕೂ ಮತ್ತೊಂದನ್ನು ಪೂರ್ತಿ ಬಲಕ್ಕೂ ಪ್ಯಾನ್ ಮಾಡಿದ್ದೆ. ಮುಖ್ಯ ಗಾಯಕರ ಧ್ವನಿ ನಡುವೆ ಇತ್ತು. ನನ್ನ ಸಾಫ್ಟ್‌ವೇರಿನಲ್ಲಿ ಪ್ಯಾನ್ ನಿಯಮವನ್ನು −3 ಡೆಸಿಬೆಲ್‌ಗೆ ಇಟ್ಟಿದ್ದೇನೆ. ಈ ನಿಯಮದಲ್ಲಿ ಮೊನೊ ಮಾಡಿದಾಗ ನಡುವಿನ ಧ್ವನಿಗೆ ಹೋಲಿಸಿದರೆ ಅಂಚಿನ ಧ್ವನಿ 3 ಡೆಸಿಬೆಲ್ ತಗ್ಗುತ್ತದೆ. ಅದರ ಮೇಲೆ ಹಿಮ್ಮೇಳದ ಎರಡೂ ಟ್ರ್ಯಾಕುಗಳು ಕೂಡಿ ಹೋಗುವ ಬಸ್‌ನಲ್ಲಿ MSED ಇಟ್ಟು ಸೈಡನ್ನು 3 ಡೆಸಿಬೆಲ್ ಏರಿಸಿದಾಗ ಸ್ಟೀರಿಯೊದಲ್ಲಿ ಹಿಮ್ಮೇಳ ಸುಮಾರು 1.8 ಡೆಸಿಬೆಲ್ ಜೋರಾಯಿತು, ಮೊನೊದಲ್ಲಿ ಮಾತ್ರ ಇದ್ದಷ್ಟೇ ಇತ್ತು. ಜೋರಾಗಿ ಕೇಳಿಸಿದ್ದರಿಂದ ನಾನು ಫೇಡರನ್ನು ಅಷ್ಟೇ ಇಳಿಸಿದೆ. ಒಟ್ಟಿನಲ್ಲಿ ಹಾರ್ನಿನಲ್ಲಿ ಹಿಮ್ಮೇಳ ಇರಬೇಕಾದದ್ದಕ್ಕಿಂತ ಸುಮಾರು 5 ಡೆಸಿಬೆಲ್ ಕೆಳಗಿಳಿದಿತ್ತು. ತತ್ವಪದದಲ್ಲಿ ಪಲ್ಲವಿಯನ್ನು ಎತ್ತಿಕೊಳ್ಳುವುದೇ ಹಿಮ್ಮೇಳ. ಅದು ಹಿಂದೆ ಸರಿದರೆ ಗಾಯಕ ಒಬ್ಬಂಟಿಯಾದಂತೆ ಕೇಳಿಸುತ್ತದೆ.

ಈಗ ಹಿಮ್ಮೇಳದ ಎರಡು ಭಾಗಗಳನ್ನು ಪೂರ್ತಿ ಅಂಚಿಗೆ ಒಯ್ಯದೆ ಶೇಕಡಾ 60ರ ಆಸುಪಾಸಿನಲ್ಲಿ ನಿಲ್ಲಿಸುತ್ತೇನೆ, ಸೈಡನ್ನು 1.5 ಡೆಸಿಬೆಲ್‌ಗಿಂತ ಹೆಚ್ಚು ಏರಿಸುವುದಿಲ್ಲ. ಹಾರ್ಮೋನಿಯಂ ಅನ್ನೂ ಎರಡು ಸಲ ನುಡಿಸಲು ಕೇಳಿಕೊಳ್ಳುತ್ತೇನೆ. ಎರಡು ನುಡಿಸಾಣಿಕೆಗಳು ಕ್ಷಣಕ್ಷಣಕ್ಕೂ ಕೊಂಚ ಬೇರೆಯಾಗಿರುವುದರಿಂದ ಅವು ಕೂಡಿದಾಗ ನಿಗದಿತ ಜಾಗದಲ್ಲಿ ಸ್ವರ ಅಳಿಯುವುದಿಲ್ಲ. ಏಕತಾರಿ ಮತ್ತು ದಮ್ಮಡಿಗೆ ಬರಿಯ ಪ್ಯಾನ್ ಸಾಕು.

ಮೊನೊ ಪರೀಕ್ಷೆಗೆ MSED ಅನ್ನು ಮಾಸ್ಟರಿನ ಕೊನೆಯಲ್ಲಿ ಇನ್‌ಲೈನ್ ಕ್ರಮದಲ್ಲಿಟ್ಟು ಸೈಡನ್ನು ಮ್ಯೂಟ್ ಮಾಡುತ್ತೇನೆ. ಮಿಡ್ಡನ್ನು ಮ್ಯೂಟ್ ಮಾಡಿ ಸೈಡನ್ನಷ್ಟೇ ಕೇಳುವುದು ಇನ್ನೂ ಉಪಯುಕ್ತ, ಏಕೆಂದರೆ ಆಗ ಕಿವಿಗೆ ಬೀಳುವುದೆಲ್ಲ ಹಾರ್ನಿನಲ್ಲಿ ಇಲ್ಲವಾಗುವ ಸಾಮಗ್ರಿ. ಪದದ ಅರ್ಥಕ್ಕೆ ಬೇಕಾದ ಯಾವುದಾದರೂ ಸೈಡಿನಲ್ಲಿರುವಷ್ಟು ಗಟ್ಟಿಯಾಗಿ ಮಿಡ್‌ನಲ್ಲಿ ಇಲ್ಲವೆಂದರೆ ಪ್ಯಾನನ್ನು ಒಳಕ್ಕೆ ತರುತ್ತೇನೆ. ಕೊನೆಗೆ ಮಾಸ್ಟರಿನ ಈ ಪ್ಲಗಿನ್ ತೆಗೆಯಲು ಮರೆಯಬಾರದು.

ಪ್ಲಗಿನ್ನಿನ ಮಿತಿಗಳೂ ಸ್ಪಷ್ಟವಾಗಿವೆ. ನಡುವಿನಲ್ಲಿಟ್ಟ ಒಂದೇ ಮೈಕಿನ ಟ್ರ್ಯಾಕಿಗೆ ಇದು ಅಗಲ ಕೊಡಲಾರದು. ಅಲ್ಲಿ ಸೈಡ್ ಸೊನ್ನೆ, ಸೊನ್ನೆಯನ್ನು ಎಷ್ಟು ಏರಿಸಿದರೂ ಸೊನ್ನೆಯೇ. ಪೂರ್ತಿ ಎಡಕ್ಕಿಟ್ಟ ಟ್ರ್ಯಾಕಿನ ಸೈಡನ್ನು 6 ಡೆಸಿಬೆಲ್ ಏರಿಸಿದರೆ ಎಡದ ಮಟ್ಟ ಒಂದೂವರೆ ಪಟ್ಟಾಗಿ, ಬಲದಲ್ಲಿ ಮೂಲ ಮಟ್ಟದ ಅರ್ಧದಷ್ಟು ಧ್ವನಿ ತಲೆಕೆಳಗಾಗಿ ಬರುತ್ತದೆ. ಹೆಡ್‌ಫೋನಿನಲ್ಲಿ ಕಿವಿಯೊಳಗೆ ಒತ್ತಿದಂತಾಗುವ ಆ ಅಹಿತ ಅದರ ಗುರುತು. ಇನ್ನು, ಸೈಡಿನ ತಗ್ಗು ಸ್ವರಗಳನ್ನಷ್ಟೇ ಕತ್ತರಿಸುವ ಸೌಲಭ್ಯ ಇದರಲ್ಲಿಲ್ಲ. ಅದು ಬೇಕಾದಾಗ ಒಂದು MSED ಅನ್ನು ಎನ್‌ಕೋಡ್ ಕ್ರಮದಲ್ಲಿಟ್ಟು, ನಡುವೆ ಸೈಡ್ ಬರುವ ಬಲ ಚಾನೆಲ್ಲಿಗೆ ಮಾತ್ರ ಈಕ್ವಲೈಸರ್ ಹಾಕಿ, ಇನ್ನೊಂದನ್ನು ಡಿಕೋಡ್ ಕ್ರಮದಲ್ಲಿ ಇಡಬೇಕು. ತಬಲಾ ಇರುವ ಮಿಕ್ಸ್‌ಗಳಲ್ಲಿ 120 ಹರ್ಟ್ಸ್‌ನ ಕೆಳಗೆ ಹೀಗೆ ಮಾಡುತ್ತೇನೆ.

ಕಳೆದ ವರ್ಷ ಮತ್ತೊಂದು ದೂರು ಬಂತು: ಗಾಯಕರ ಧ್ವನಿಯೇ ಇಲ್ಲ, ಹಿಮ್ಮೇಳ ಮಾತ್ರ ಕೇಳಿಸುತ್ತಿದೆ ಎಂದು. ಸೈಡನ್ನು ಮ್ಯೂಟ್ ಮಾಡಿ ಕೇಳಿದೆ, ಗಾಯಕರು ಸರಿಯಾಗಿಯೇ ಇದ್ದರು. ಮಿಕ್ಸ್ ಕುಸಿದರೆ ಅಂಚಿನದು ಹೋಗಬೇಕೇ ಹೊರತು ನಡುವಿನದಲ್ಲ. ವಿಚಾರಿಸಿದಾಗ, ಮೈಕ್‌ಸೆಟ್ಟಿನವರು ಫೋನಿನ ಸ್ಟೀರಿಯೊ ಕೇಬಲ್ಲನ್ನು ನೇರವಾಗಿ ಮಿಕ್ಸರಿನ ಬ್ಯಾಲೆನ್ಸ್ಡ್ ಇನ್‌ಪುಟ್ಟಿಗೆ ಚುಚ್ಚಿದ್ದು ತಿಳಿಯಿತು. ಆ ಇನ್‌ಪುಟ್ ಎಡದಿಂದ ಬಲವನ್ನು ಕಳೆಯುತ್ತದೆ, ಹಾಗಾಗಿ ಊರಿಗೆಲ್ಲ ಕೇಳಿಸುತ್ತಿದ್ದದ್ದು ನನ್ನ ಸೈಡ್. ಎಡ-ಬಲಗಳನ್ನು ಬೇರ್ಪಡಿಸಿ ಎರಡು ಚಾನೆಲ್ಲಿಗೆ ಕೊಡುವ ಕೇಬಲ್ ಹಾಕಿಸಿದ ಮೇಲೆ ಗಾಯಕರ ಧ್ವನಿ ಮರಳಿತು.